ಅಕ್ಕನ ಬೀದಿಗೆ ಕೊಟ್ಟ ಅಂಕಿ

ಭೂಕಂಪ ಅಧ್ಯಯನದ ಕಚೇರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಜವಾನನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವನು 'ಪಾತ್ರೆಬಿತ್ತಾ'. ಎಲ್ಲಿ ಭೂಮಿ ನಡುಗಿದರೂ ವಾರದೊಳಗೆ ಅಲ್ಲಿಗೆ ಹೋಗಿ, ಮನೆಮನೆಯ ಬಾಗಿಲು ತಟ್ಟಿ, "ಪಾತ್ರೆ ಬಿತ್ತಾ? ತೂಗುದೀಪ ಆಡ್ತಾ? ಮಲಗಿದ್ದೋರಿಗೆ ಎಚ್ಚರ ಆಯ್ತಾ? ಬಾವಿ ನೀರು ಕದಡ್ತಾ?" ಎಂದು ಕೇಳುವುದೇ ಅವನ ಕೆಲಸ. ಮನೆ ಕಳೆದುಕೊಂಡವರ ಮುಂದೆ ನಿಂತು ಪಾತ್ರೆಯ ಸುದ್ದಿ ಕೇಳುವವನಿಗೆ ಬೈಗುಳ ಸಿಗದೆ ಹೂಮಾಲೆ ಸಿಗುತ್ತದೆಯೇ? ಬೈಸಿಕೊಂಡು, ಬರೆದುಕೊಂಡು, ಮುಂದಿನ ಮನೆಗೆ ಹೋಗುತ್ತಿದ್ದ.

ಆದರೆ ಆ ಪಾತ್ರೆಗಳಿಗೆ ಬೆಲೆಯಿತ್ತು. ಒಂದು ಭೂಕಂಪಕ್ಕೆ ಪರಿಮಾಣ, ಅಂದರೆ ಅದರ ಒಟ್ಟು ಬಲ, ಒಂದೇ. ಆಯಾ ಜಾಗ ಅಲುಗಿದ ತೀವ್ರತೆ ಮಾತ್ರ ಊರಿಂದೂರಿಗೆ, ಬೀದಿಯಿಂದ ಬೀದಿಗೆ ಬೇರೆ. ಪಾತ್ರೆ ಉರುಳಿದ್ದು, ಗೋಡೆ ಸೀಳಿದ್ದು, ಮನೆ ಕುಸಿದದ್ದು ಎಲ್ಲವನ್ನೂ ನೋಡಿ ಪ್ರತಿ ಬೀದಿಗೂ ಅವನು ಒಂದರಿಂದ ಹನ್ನೆರಡರೊಳಗೆ ಒಂದು ಅಂಕಿ ಕೊಡುತ್ತಿದ್ದ. ಹಿಂದಿನ ಭೂಕಂಪಗಳ ಇಂಥ ಅಂಕಿಗಳನ್ನೂ, ನೆಲದೊಳಗಿನ ಬಿರುಕುಗಳ ಬಗ್ಗೆ ಭೂವಿಜ್ಞಾನಿಗಳು ತಿಳಿದದ್ದನ್ನೂ ಮುಂದಿಟ್ಟುಕೊಂಡು ಒಂದು ಸಮಿತಿ ದೇಶದ ನಕ್ಷೆಗೆ ನಾಲ್ಕು ವಲಯಗಳ ಬಣ್ಣ ಬಳಿಯುತ್ತಿತ್ತು. ಯಾವ ವಲಯದಲ್ಲಿ ಕಟ್ಟಡ ಎಷ್ಟು ಅಲುಗಾಟ ತಡೆಯುವಂತಿರಬೇಕು ಎಂದು ಇಂಜಿನಿಯರ್‌ಗೆ ಹೇಳುವುದಷ್ಟೇ ಆ ಬಣ್ಣದ ಕೆಲಸ. ಭೂಕಂಪ ಯಾವಾಗ ಬರುತ್ತದೆಂದು ಅದು ಹೇಳುವುದಿಲ್ಲ. ನಿಮ್ಮ ಮನೆ ನಿಂತಿರುವುದು ಬಂಡೆಯ ಮೇಲೋ ಮುಚ್ಚಿದ ಕೆರೆಯ ಮೇಲೋ ಎಂಬುದೂ ಅದಕ್ಕೆ ಗೊತ್ತಿಲ್ಲ.

ಅವನ ಸ್ವಂತ ಊರು ಅತ್ಯಂತ ಕೆಳಗಿನ ವಲಯದಲ್ಲಿತ್ತು. ಅಲ್ಲಿ ಅಂಕಿ ಆರನ್ನು ದಾಟಲಾರದು ಎಂದು ಅಂದಾಜು. ಅಂದಾಜಿಗೆ ಆಧಾರವೇನು? ಹತ್ತಿರದಲ್ಲಿ ದೊಡ್ಡ ಬಿರುಕು ಕಂಡಿಲ್ಲ, ದೊಡ್ಡ ಭೂಕಂಪವಾಯಿತೆಂದು ಯಾರೂ ಬರೆದಿಟ್ಟಿಲ್ಲ, ಅಷ್ಟೇ. ಮನುಷ್ಯರು ಬರೆದಿಟ್ಟದ್ದು ಮುನ್ನೂರು ವರ್ಷದ ಕಥೆ; ಭೂಮಿಗೆ ಅದು ಒಂದು ಆಕಳಿಕೆಗೂ ಸಾಲದು. ಈ ಮಾತನ್ನು ಅವನು ಸಭೆಗಳಲ್ಲಿ ಹೇಳಿದ್ದ. ಕೇಳಿದವರೂ ಆಕಳಿಸಿದ್ದರು.

ಅವನಿಗೆ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ತನ್ನವರು ಎಂದು ಇದ್ದದ್ದು ಊರಲ್ಲಿದ್ದ ಅಕ್ಕ ಮತ್ತು ಅವಳ ಮಗಳು. ಭಾವ ತೀರಿಕೊಂಡ ಮೇಲೆ ಅಕ್ಕ ಹೊಲಿಗೆ ಯಂತ್ರ ತುಳಿದೇ ಮಗಳನ್ನು ಕಾಲೇಜು ಮೆಟ್ಟಿಲು ಹತ್ತಿಸಿದ್ದಳು. ಮಗಳು ಓದಲಿಕ್ಕೆ ಮಾಳಿಗೆಯ ಮೇಲೆ ಒಂದು ಕೋಣೆ ಬೇಕೆಂದು ಗಾರೆಯವನನ್ನು ಕರೆಸಿದಾಗ ತಮ್ಮನಿಗೆ ಫೋನ್ ಮಾಡಿದ್ದಳು.

"ಗೋಡೆ ಸುತ್ತ ಬೆಲ್ಟ್ ಕಾಂಕ್ರೀಟ್ ಹಾಕಿಸ್ಬೇಕಾ? ಗಾರೆಯವ್ನು ಬೇಡ ಅಂತಾನೆ."

"ನಮ್ಮೂರು ಕೆಳಗಿನ ವಲಯ ಅಕ್ಕ, ಹೆದರೋದೇನಿಲ್ಲ. ಆದ್ರೂ ಹಾಕ್ಸು. ಸಿಮೆಂಟಲ್ಲೇ ಕಟ್ಸು, ಮಣ್ಣಲ್ಲಿ ಬೇಡ. ವಲಯ ಕೆಳಗಿನದು ಅಂದ್ರೆ ಅಪಾಯ ಇಲ್ವೇ ಇಲ್ಲ ಅಂತಲ್ಲ."

ಅಕ್ಕ ಎರಡು ಮಾತನ್ನೂ ಕೇಳಿಸಿಕೊಂಡಿದ್ದಳು. ಗಾರೆಯವನಿಗೆ ಹೇಳುವಾಗ ಮೊದಲನೆಯದನ್ನಷ್ಟೇ ಹೇಳಿ, ಬೆಲ್ಟ್ ಬೇಡ ಎಂದಳು. ಮಗಳ ಪರೀಕ್ಷೆ ಹತ್ತಿರವಿತ್ತು, ಬೆಲ್ಟ್ ಎಂದರೆ ಕೆಲಸ ಇನ್ನಷ್ಟು ದಿನ ಎಳೆಯುತ್ತಿತ್ತು. ಗೋಡೆಗಳನ್ನು ಬಿಗಿದು ಹಿಡಿಯುವ ಕಬ್ಬಿಣದ ಕಂಬಿಯ ಬೆಲ್ಟ್ ಇಲ್ಲದೆ, ಮಣ್ಣಿನ ಗಾರೆಯಲ್ಲಿ ಇಟ್ಟಿಗೆ ಕಟ್ಟಿ, ಮೇಲೊಂದು ಭಾರದ ತಾರಸಿ ಹೊರಿಸಿ ಗಾರೆಯವನು ಕೈ ತೊಳೆದುಕೊಂಡ. ಕೋಣೆ ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ಮಗಳು ಕಿಟಕಿಗೆ ಹಳದಿ ಪರದೆ ತೂಗುಹಾಕಿದ್ದಳು.

ಒಂದು ಬೆಳಗ್ಗೆ, ಜನ ಹಲ್ಲುಜ್ಜುತ್ತ ಚಹಾ ಕಾಸುತ್ತ ಇದ್ದ ಹೊತ್ತಿನಲ್ಲಿ, ಆ ಊರು ನಡುಗಿತು. ಮಾಳಿಗೆಯ ಕೋಣೆ ಕುಸಿಯಿತು. ಮಗಳು ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು.

ಅಂತ್ಯಕ್ರಿಯೆಗೆ ಅವನು ತಮ್ಮನಾಗಿ ಬಂದ. ಮಾರನೆಯ ವಾರ ಅದೇ ಬೀದಿಗೆ ಕೈಯಲ್ಲಿ ಫಾರಂ ಹಿಡಿದು ಬಂದ. "ಆ ವಾರ್ಡ್ ಬೇರೆಯವ್ರು ನೋಡ್ತಾರೆ, ನೀನು ಬಿಡು" ಎಂದು ನಿರ್ದೇಶಕರೇ ಹೇಳಿದ್ದರು. ಆದರೆ ಹಿಂದಿನ ದಿನ ಬಂದ ಸಹೋದ್ಯೋಗಿಗೆ ಅಕ್ಕ ಬಾಗಿಲೇ ತೆರೆದಿರಲಿಲ್ಲ. ತಮ್ಮ ಬಂದರೆ ಮಾತ್ರ ಹೇಳುತ್ತೇನೆ ಎಂದು ಒಳಗಿನಿಂದಲೇ ಕೂಗಿದ್ದಳು.

ಅವನು ಮೊದಲು ಉಳಿದ ಮನೆಗಳನ್ನು ಮುಗಿಸಿದ. ಕಂಬ, ತೊಲೆ ಇಟ್ಟು ಕಟ್ಟಿದ ಮನೆಗಳಲ್ಲಿ ಗಿಲಾವಿನ ಮೇಲೆ ಸಣ್ಣ ಗೆರೆಗಳು, ಅಷ್ಟೇ. ಸಿಮೆಂಟ್ ಗಾರೆಯ ಇಟ್ಟಿಗೆ ಮನೆಗಳಲ್ಲಿ ಹಲವಕ್ಕೆ ಬಿರುಕು, ಕೆಲವಕ್ಕೆ ಮಾತ್ರ ಕೈ ತೂರುವಷ್ಟು ಸೀಳು. ಮಣ್ಣಿನ ಗಾರೆಯ ಮನೆಗಳಲ್ಲಿ ಕೆಲವು ಕುಸಿದಿದ್ದವು. 'ಕೆಲವು', 'ಹಲವು', 'ಬಹುಪಾಲು': ಈ ಮೂರು ಮಾತುಗಳ ಮೇಲೇ ಅಂಕಿ ನಿಲ್ಲುತ್ತದೆ. ದುರ್ಬಲ ಮನೆ ಬಿದ್ದರೆ ಅಲುಗಾಟ ಜೋರಾಗಿತ್ತು ಎನ್ನಲಾಗದು. ಗಟ್ಟಿ ಮನೆಯೂ ಬಿದ್ದರೆ ಮಾತು ಬೇರೆ. ಲೆಕ್ಕ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಬೀದಿಗೆ ಏಳು. ನಕ್ಷೆ ಆರು ಎಂದಿದ್ದ ಕಡೆ ಏಳು ಬಂದಿತ್ತು, ಊರಿನ ಬಣ್ಣ ಬದಲಿಸಬೇಕೆಂದು ಸಮಿತಿಯ ಮುಂದೆ ವಾದಿಸಲು ಅಷ್ಟು ಸಾಕಿತ್ತು. ಆದರೆ ಎಂಟಲ್ಲ.

ಅಕ್ಕ ಕೆಳಮನೆಯ ನೆಲದ ಮೇಲೆ ಕೂತಿದ್ದಳು. ಹೊಲಿಗೆ ಯಂತ್ರದ ಮೇಲೆ ಧೂಳು ಹಾಗೇ ಇತ್ತು. ಅವನು ಪಾತ್ರೆ ಬಿತ್ತಾ ಎಂದು ಕೇಳಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕೂತ.

"ಎಷ್ಟು ಬರ್ದೆ?" ಅಕ್ಕನೇ ಕೇಳಿದಳು. "ಪಕ್ಕದ್ಮನೆಯವ್ರು ಹೇಳಿದ್ರು, ನೀನು ಬೀದಿಗೊಂದು ನಂಬರ್ ಕೊಡ್ತೀಯಂತೆ."

"ಇನ್ನೂ ಬರ್ದಿಲ್ಲ ಅಕ್ಕ."

"ಎಂಟು ಹಾಕು. ಒಂಬತ್ತಿದ್ರೆ ಒಂಬತ್ತು ಹಾಕು. ಭೂಮಿ ಬಾಯಿ ಬಿಟ್ಟಂಗೆ ಆಯ್ತು ಕಣೋ. ಯಾವ ಮನೆ ತಡ್ಕೊಳ್ತಿತ್ತು ಹೇಳು?"

ಎಂಟು ಎಂದರೆ ಯಾರಿಗೇನು ನಷ್ಟ? ಮೊದಲಿಗೆ ಅವನಿಗೆ ಹಾಗೇ ಅನ್ನಿಸಿತು. ಒಂದು ಬೀದಿಯ ಒಂದು ಅಂಕಿ, ನೂರಾರು ಅಂಕಿಗಳ ನಡುವೆ ಯಾರ ಕಣ್ಣಿಗೆ ಬೀಳುತ್ತದೆ? ಆದರೆ ಎಂಟು ಎಂದರೆ ಇಷ್ಟು ಜೋರಾಗಿ ಅಲುಗಿದ್ದಕ್ಕೇ ಕೋಣೆ ಬಿತ್ತು ಎಂದು ಕಾಗದ ಹೇಳುತ್ತದೆ. ತಪ್ಪೆಲ್ಲ ಭೂಮಿಯದು ಎಂದಾಗುತ್ತದೆ. ನಾಳೆ ಗಾರೆಯವನು ಇನ್ನೊಂದು ಮನೆಯ ಮೇಲೆ ಇನ್ನೊಂದು ಕೋಣೆಯನ್ನು ಅದೇ ಮಣ್ಣಿನಲ್ಲಿ ಕಟ್ಟುತ್ತಾನೆ, ಅದರೊಳಗೆ ಇನ್ನೊಬ್ಬರ ಮಗಳು ಓದುತ್ತಾಳೆ. ಇಷ್ಟು ಗೊತ್ತಿದ್ದೂ ಅವನ ಬಾಯಿಗೆ ಸುಳ್ಳೇ ಬಂದು ನಿಂತಿತ್ತು. ಅಕ್ಕನ ಮುಖ ಹಾಗಿತ್ತು.

"ಬೀದಿಗೆ ಏಳೇ ಬರೋದು ಅಕ್ಕ," ಎಂದ.

"ಏಳಕ್ಕೆ ಮನೆ ಬೀಳುತ್ತಾ?"

"ಕೆಲವು ಬೀಳ್ತವೆ."

"ಎಂಥವು?"

ಬೀದಿಯಲ್ಲಿ ಯಾರೋ ಇಟ್ಟಿಗೆ ಚೂರುಗಳನ್ನು ಬಾಂಡ್ಲಿಗೆ ತುಂಬುತ್ತಿದ್ದರು. ಆ ಸದ್ದು ನಿಲ್ಲಲಿ ಎಂದು ಅವನು ಕಾದ. ಅದು ನಿಲ್ಲಲಿಲ್ಲ.

"ಬೆಲ್ಟ್ ಇಲ್ದಿರೋವು," ಎಂದ. "ಮಣ್ಣಲ್ಲಿ ಕಟ್ಟಿರೋವು."

ಅಕ್ಕ ಅಳಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. ಅವನು ಅವಳ ಕೈ ಹಿಡಿಯಲು ಹೋದ. ಅವಳು ಕೈ ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಆ ಕೈ ಅವನ ಕೈಯಲ್ಲಿ ಸುಮ್ಮನೆ ಬಿದ್ದಿತ್ತು.

"ಗಾರೆಯವ್ನಿಗೆ ಬೇಡ ಅಂದಿದ್ದು ನಾನೇ," ಎಂದಳು.

"ಅಕ್ಕ..."

"ಬರ್ಕೋ. ನನ್ನೆದುರಿಗೇ ಬರಿ."

ಅವನು ಫಾರಂ ಅನ್ನು ಮೊಣಕಾಲಿನ ಮೇಲಿಟ್ಟುಕೊಂಡು ಬರೆದ. ಅಕ್ಕ ಬಗ್ಗಿ ನೋಡಿದಳು.

"ನೀನು ಎಂಟು ಅಂದಿದ್ರೆ," ಎಂದಳು, "ನಾನು ಹೇಗೋ ಬದುಕ್ತಿದ್ದೆನೇನೋ ಕಣೋ, ತಮ್ಮ."