ಸಂತೆಯ ದಿನವೇ ಬೀಳುವ ಬಿಲ್ಡ್

ಸಂತೆಗೆ ಇನ್ನೆಷ್ಟು ದಿನ ಎಂದು ರೈತರಿಗೆ ಹೇಳುವ ಆ್ಯಪ್‌ನ ಕೋಡನ್ನು ಸುಧಾರಾಣಿ ಅಣ್ಣಿಗೇರಿಯ ಮನೆಯಿಂದಲೇ ಬರೆಯುತ್ತಾಳೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಆ ಕೋಡ್ ತಾನಾಗಿ ಬಿಲ್ಡ್ ಆಗಿ, ಅಂದರೆ ಆ್ಯಪ್ ರೂಪಕ್ಕೆ ಬಂದು, ಲೆಕ್ಕ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳು ಓಡುತ್ತವೆ. ಒಂದು ತಪ್ಪಿದರೂ ಬಿಲ್ಡ್ ಬಿತ್ತೆಂದು ಅವಳ ಫೋನು ಗುರುಗುಟ್ಟುತ್ತದೆ.

ಅವತ್ತು ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಫೋನು ಗುರುಗುಟ್ಟಿತು. ಹುಬ್ಬಳ್ಳಿಯಿಂದ ಅದೇ ಕೋಡ್ ಬರೆಯುವ ಜೊತೆಗಾರ ಗೌಸ್‌ಗೆ ಕೂಡಲೇ ಫೋನು ಹಚ್ಚಿದಳು.

“ಮತ್ತ ಏನ ಮುಟ್ಟಿದ್ಯೋ?”

“ಏನೂ ಮುಟ್ಟಿಲ್ರಿ ಅಕ್ಕಾರ. ನಾಳೆ ಮತ್ತ ತಾನ ಪಾಸ್ ಆಗತೈತಿ ನೋಡ್ರಿ.”

ಕಾಯಿ ತೂಗುತ್ತಿದ್ದ ಲಕ್ಷ್ಮವ್ವ ತಲೆಯೆತ್ತಿದಳು. “ಹೋದ ಸಂತಿಗೂ ಹಿಂಗ ಅವಗ ಬೈದಿ, ಅದರ ಹಿಂದಿನ ಸಂತಿಗೂ ಬೈದಿ. ಬ್ಯಾರೆ ದಿನಾ ಬೈಯಾಂಗಿಲ್ಲೇನವಾ?”

ಸುಧಾರಾಣಿ ಚೀಲ ಕೆಳಗಿಟ್ಟು ಯಾವ ಟೆಸ್ಟ್ ಏಕೆ ತಪ್ಪಿತೆಂದು ಹೇಳುವ ಲಾಗ್ ಅನ್ನು ಫೋನಿನಲ್ಲೇ ತೆರೆದಳು. ‘ಸಂತೆಗೆ ಉಳಿದ ದಿನ: ಕನಿಷ್ಠ ಒಂದು ಬೇಕು, ಬಂದದ್ದು ಸೊನ್ನೆ.’ ಕೋಡ್ ಸರಿಯಾಗಿಯೇ ಹೇಳಿತ್ತು, ಸಂತೆ ಇವತ್ತೇ. ಒಂದು ಬೇಕೆಂದು ಹಟ ಹಿಡಿದದ್ದು ಟೆಸ್ಟ್. ಆ ಟೆಸ್ಟ್ ಬರೆದವಳು ಅವಳೇ, ಸಂತೆಯಿಲ್ಲದ ದಿನ ಮನೆಯಲ್ಲಿ ಕುಳಿತು.

“ಗೌಸ್, ತಪ್ಪು ನಂದ. ಮನಿಗ್ ಹೋಗಿ ಸರಿ ಮಾಡ್ತೀನಿ,” ಎಂದಳು. ಸೊನ್ನೆಯೂ ಸರಿ ಎಂದು ಟೆಸ್ಟ್ ತಿದ್ದಲು ಅವಳಿಗೆ ಹತ್ತು ನಿಮಿಷ ಸಾಕಾಯಿತು.

ಮುಂದಿನ ಸಂತೆಯಲ್ಲಿ ಒಂಬತ್ತು ದಾಟಿದರೂ ಫೋನು ಗುರುಗುಟ್ಟಲಿಲ್ಲ. “ಇವತ್ತ ಯಾರಿಗೂ ಬೈಯಲಿಲ್ಲಲ್ಲ,” ಎಂದಳು ಲಕ್ಷ್ಮವ್ವ.

“ಬೈಸ್ಕೊಳ್ಳೋರು ಸಿಕ್ಕಿದ್ರು ಬಿಡವಾ,” ಎಂದು ಸುಧಾರಾಣಿ ತನ್ನ ಎದೆ ಮುಟ್ಟಿ ತೋರಿಸಿದಳು.