ಸೋಮವಾರ ಬರುತ್ತೇನೆ ಎಂಬ ಉತ್ತರ

ನಾನು ಕೆಲಸ ಮಾಡುವ ರೈತ ಉತ್ಪಾದಕರ ಕಂಪನಿಯ ಕಚೇರಿ ಶಿಕಾರಿಪುರದಲ್ಲಿದೆ. ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಮೆಕ್ಕೆಜೋಳ, ಶುಂಠಿ ಮತ್ತು ಅನಾನಸ್ ಮಾರಾಟದ ಪತ್ರವ್ಯವಹಾರ ನನ್ನದು. ಅನಾನಸ್ ಬರುವುದು ಸೊರಬದಿಂದ. ಅಲ್ಲಿ ನಮ್ಮದೊಂದು ಸಂಗ್ರಹ ಕೇಂದ್ರವಿದೆ. ಅದರ ಉಸ್ತುವಾರಿ ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರಾದ ಒಬ್ಬ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರದೂ ಅನಾನಸ್ ತೋಟವೇ.

ಒಂದು ವರ್ಷ ಕೊಯ್ಲಿನ ಹೊತ್ತಿನಲ್ಲೇ ನನಗೆ ಬುಧವಾರದಿಂದ ಭಾನುವಾರದವರೆಗೆ ರಜೆ ಬೇಕಿತ್ತು. ಶಿವಮೊಗ್ಗದಲ್ಲಿ ಒಂದು ಶಸ್ತ್ರಚಿಕಿತ್ಸೆ. ಕುತ್ತಿಗೆಯಲ್ಲೊಂದು ಗಂಟು ಇತ್ತು, ಅದನ್ನು ತೆಗೆಯಬೇಕಿತ್ತು. ವಿಷಯ ಗೊತ್ತಿದ್ದುದು ಅಪ್ಪ ಅಮ್ಮನಿಗೆ ಮಾತ್ರ. ರಜೆ ಅರ್ಜಿಯಲ್ಲಿ 'ವೈಯಕ್ತಿಕ ಕಾರಣ' ಎಂದು ಬರೆದೆ.

ಸಮಸ್ಯೆ ರಜೆಯದಾಗಿರಲಿಲ್ಲ, ಇಮೇಲಿನದಾಗಿತ್ತು. ಹುಬ್ಬಳ್ಳಿ ಕಡೆಯ ಹಣ್ಣಿನ ರಸದ ಕಾರ್ಖಾನೆಯೊಂದು ನಮ್ಮ ಅನಾನಸ್ ಕೊಳ್ಳುತ್ತದೆ. ಗಾಡಿ ಯಾವ ದಿನ ಕಳಿಸುವುದು ಎಂದು ಅವರು ಇಮೇಲಿನಲ್ಲೇ ಕೇಳುತ್ತಾರೆ. ಅದೇ ದಿನ ಸಂಜೆಯೊಳಗೆ ಒಪ್ಪಿಗೆ ಹೋಗದಿದ್ದರೆ ಆ ಸರದಿ ಬೇರೆ ಊರಿನವರಿಗೆ ಹೋಗುತ್ತದೆ. ಸುಳಿಗೆ ಔಷಧಿ ಹಾಕಿ ಒಟ್ಟಿಗೆ ಹೂ ಬರಿಸಿದ ತೋಟದಲ್ಲಿ ಹಣ್ಣೂ ಒಟ್ಟಿಗೇ ಬಲಿಯುತ್ತದೆ. ಅದು ಕಾಯುವುದಿಲ್ಲ. ಆ ವಾರ ಬಲಿತಿದ್ದುದು ಅಕ್ಕನ ತೋಟ. ಸರದಿ ತಪ್ಪಿದರೆ ಅಷ್ಟೂ ಹಣ್ಣನ್ನು ರಸ್ತೆ ಬದಿಯ ವ್ಯಾಪಾರಿಗಳು ಕೇಳಿದ ದರಕ್ಕೆ ಹಾಕಬೇಕಿತ್ತು.

ಹಾಗಾಗಿ ನಾನಿಲ್ಲದಾಗ ಮೇಲ್ ಬರೆದವರಿಗೆ ತಾನಾಗಿ ಹೋಗುವ ಉತ್ತರವೊಂದನ್ನು ಇಟ್ಟು ಹೋಗಬೇಕಿತ್ತು. ಮೊದಲು ಎರಡು ಸಾಲು ಬರೆದೆ: ನಾನು ರಜೆಯಲ್ಲಿದ್ದೇನೆ. ಸೋಮವಾರ ಬರುತ್ತೇನೆ.

ನಮ್ಮ ಅಧ್ಯಕ್ಷರಿಗೆ ಅಂಜನಾಪುರ ಜಲಾಶಯದ ನೀರು ಹರಿಯುವ ಜಮೀನಿದೆ. ಬೆಳಿಗ್ಗೆ ಗದ್ದೆ ನೋಡಿ, ಮಧ್ಯಾಹ್ನ ಕಚೇರಿಗೆ ಬರುತ್ತಾರೆ. ಅವರು ನನ್ನ ಹಿಂದೆ ನಿಂತು ಪರದೆ ಓದಿದರು.

"ಇದೇನ್ರೀ ಮೇಡಂ, ಅಂಗಡಿ ಬಾಗಿಲಿಗೆ ಬೀಗ ಜಡದಂಗೈತಿ?"

"ಚಿಕ್ಕದಾಗಿರಲಿ ಅಂತ, ಸರ್."

"ಚಿಕ್ಕದಿರ್ಲಿ. ಮಾರಿ ತಿರುಗಿಸಿದಂಗೆ ಇರ್ಬಾರ್ದು. ಮೊದಲಿದ್ದ ಹುಡುಗ ಬರ್ದಿದ್ದು ಎಷ್ಟ್ ಚಂದ ಇತ್ತು ಗೊತ್ತೇನು?"

ಗೊತ್ತಿತ್ತು. ಆ ಹಳೆಯ ಪಠ್ಯ ಇನ್ನೂ ಮೇಲ್ ಪೆಟ್ಟಿಗೆಯಲ್ಲಿತ್ತು. ತಂಗಿಯ ಮದುವೆಯ ಪ್ರಯುಕ್ತ ರಜೆಯಲ್ಲಿದ್ದೇನೆ ಎಂದು ಆತ ಬರೆದಿದ್ದ. ಮದುವೆಯ ಸುದ್ದಿ ಹೇಳಿ ಕರೆಯದೆ ಇರುವುದು ನಮ್ಮಲ್ಲಿ ಇಲ್ಲ. ಆದ್ದರಿಂದ ಕಲ್ಯಾಣ ಮಂಟಪ, ಮುಹೂರ್ತ, ಸಕುಟುಂಬ ಸಮೇತ ಬರಬೇಕೆಂಬ ವಿನಂತಿ ಎಲ್ಲವೂ ಅದರಲ್ಲಿದ್ದವು. ಗೊಬ್ಬರದ ಕಂಪನಿಯ ಪ್ರತಿನಿಧಿಯೊಬ್ಬರು ದಾವಣಗೆರೆಯಿಂದ ಉಡುಗೊರೆ ತಂದು ಊಟ ಮಾಡಿ ಹೋದರಂತೆ. ಅವರು ಮೇಲಿನಲ್ಲಿ ಕೇಳಿದ್ದ ದಾಸ್ತಾನಿನ ವಿವರ ಮಾತ್ರ ಅವರಿಗೆ ಸಿಗಲಿಲ್ಲ.

ನನ್ನ ಎರಡನೆಯ ಬರಹ ಉದ್ದವಾಯಿತು. ಅದನ್ನು ಅಕ್ಕನಿಗೆ ಫೋನಿನಲ್ಲಿ ಓದಿದೆ. ಅವರು ಕೊನೆಯವರೆಗೂ ಕೇಳಿದರು.

"ಮಾರಾಯ್ತಿ, ಇದ್ರಲ್ಲಿ ಎಷ್ಟು ಸಲ ಕ್ಷಮೆ ಕೇಳಿದ್ದೀಯೆ? ರಜೆ ಹಾಕಿದ್ದೀಯೋ, ಅವ್ರ ಮನೆ ದನ ಕಳೆದಿದ್ದೀಯೋ?"

"ವಿನಯ ಇರಲಿ ಅಂತ."

"ವಿನಯ ಸಾಕು. ಆ ಮನುಷ್ಯನಿಗೆ ಗಾಡಿ ಕಳಿಸ್ಬೇಕಾ ಬೇಡ್ವಾ ಅಂತ ಬೇಕಾಗಿರೋದು. ಅದನ್ನ ಯಾರ ಹತ್ರ ಕೇಳ್ಬೇಕು? ಅದೆಲ್ಲಿದೆ?"

ಅದು ಕೊನೆಯ ಸಾಲಿನಲ್ಲಿತ್ತು. ಮೇಲಕ್ಕೆ ತಂದೆ. ಅದರಲ್ಲಿ ನಿಮ್ಮ ಸಂಖ್ಯೆ ಕೊಡಬಹುದೇ ಎಂದು ಕೇಳಿದೆ. ಕೊಡು ಎಂದರು. ಆಮೇಲೆ "ನಾನು ಹೂಂ ಅಂದ್ರೆ ನಡೀತದಾ? ಅಧ್ಯಕ್ಷರು ಏನಂತಾರೆ?" ಎಂದರು.

ಅಧ್ಯಕ್ಷರನ್ನು ಕೇಳಿದೆ. "ಹಣ್ಣು ಆಕೀದು, ಕೇಂದ್ರ ಆಕೀದು. ಆಕಿ ಹೇಳಿದ್ರೆ ಮುಗೀತು" ಎಂದರು. ಕೊನೆಗೆ ಉಳಿದದ್ದು ಇಷ್ಟು:

'ನಮಸ್ಕಾರ. ನಿಮ್ಮ ಮೇಲ್ ತಲುಪಿದೆ. ಬುಧವಾರದಿಂದ ಭಾನುವಾರದವರೆಗೆ ನಾನು ಕಚೇರಿಯಲ್ಲಿರುವುದಿಲ್ಲ, ಮೇಲ್ ನೋಡುವುದೂ ಇಲ್ಲ. ಅನಾನಸ್ ಗಾಡಿಯ ದಿನವನ್ನು ಖಚಿತಪಡಿಸಲು ದಯವಿಟ್ಟು ನಮ್ಮ ಸೊರಬ ಕೇಂದ್ರದ ಉಸ್ತುವಾರಿಯವರಿಗೆ ಕೆಳಗಿನ ಸಂಖ್ಯೆಗೆ ಕರೆ ಮಾಡಿ. ದಿನವನ್ನು ಅವರೇ ನಿರ್ಧರಿಸಬಲ್ಲರು. ಉಳಿದ ವಿಷಯಗಳಿಗೆ ನಾನು ಸೋಮವಾರ ಬಂದು ಉತ್ತರಿಸುತ್ತೇನೆ. ಧನ್ಯವಾದಗಳು.'

ಅದರ ಕೆಳಗೆ ಇದನ್ನೇ ಇಂಗ್ಲಿಷಿನಲ್ಲಿ ಬರೆದೆ. ಸೆಟ್ಟಿಂಗಿನಲ್ಲಿ ಮೊದಲ ದಿನ, ಕೊನೆಯ ದಿನ ತುಂಬಿದೆ. ಪರಿಚಿತರಿಗೆ ಮಾತ್ರ ಕಳಿಸು ಎಂಬ ಚೌಕದಲ್ಲಿ ಗುರುತು ಹಾಕಲಿಲ್ಲ, ಹೊಸ ಗ್ರಾಹಕರೂ ಬರೆಯಬಹುದಿತ್ತು. ಬೇರೊಂದು ವಿಳಾಸದಿಂದ ನಮ್ಮ ಕಚೇರಿಗೇ ಒಂದು ಮೇಲ್ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡಿದೆ. ಬಂತು. ಈ ವ್ಯವಸ್ಥೆ ಒಬ್ಬರಿಗೆ ಕೆಲವು ದಿನಗಳಲ್ಲಿ ಒಂದೇ ಸಲ ಉತ್ತರ ಕಳಿಸುತ್ತದೆ. ನಡುವೆ ಪಠ್ಯ ಬದಲಾದರೆ ಮಾತ್ರ, ಅವರು ಮತ್ತೆ ಬರೆದಾಗ ಹೊಸತನ್ನು ಕಳಿಸುತ್ತದೆ. ಇದು ಆಗ ನನಗೆ ಮುಖ್ಯವೆನಿಸಿರಲಿಲ್ಲ.

ಬುಧವಾರ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋದೆವು. ಫೋನು ಅಮ್ಮನ ಚೀಲದಲ್ಲಿತ್ತು. ಮುಂದಿನದೆಲ್ಲ ನನಗೆ ಆಮೇಲೆ ತಿಳಿದದ್ದು.

ಗುರುವಾರ ಕಾರ್ಖಾನೆಯ ಖರೀದಿ ಅಧಿಕಾರಿ ಬರೆದಿದ್ದರು. ಈ ವಾರದ ಗಾಡಿಗಳ ದಿನವನ್ನು ನಾಳೆ ತಿಳಿಸುತ್ತೇನೆ ಎಂಬ ಮಾಹಿತಿ, ಅಷ್ಟೆ. ಅವರಿಗೆ ನನ್ನ ಉತ್ತರ ಹೋಯಿತು. ಖಚಿತಪಡಿಸುವುದೇನೂ ಇರಲಿಲ್ಲ, ಅವರು ಕರೆ ಮಾಡಲಿಲ್ಲ.

ಕಚೇರಿಯ ಮೇಲ್ ಅಧ್ಯಕ್ಷರ ಫೋನಿನಲ್ಲಿಯೂ ಇದೆ. ಗುರುವಾರ ಮಧ್ಯಾಹ್ನ ಅವರು ಆ ಉತ್ತರವನ್ನು ಇನ್ನೊಮ್ಮೆ ಓದಿದರು. ಅದರಲ್ಲಿ ಒಂದೇ ಸಂಖ್ಯೆ ಇತ್ತು. ಕಂಪನಿಗೆ ಅಧ್ಯಕ್ಷರಿದ್ದಾರೆ, ಉಪಾಧ್ಯಕ್ಷರಿದ್ದಾರೆ, ನಿರ್ದೇಶಕರಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಆ ಉತ್ತರವೂ ಊರಾಚೆಗೆ ಹೋಗುವ ಪತ್ರವೇ. ಅವರು ಫೋನಿಗೆ ಬಾಯಲ್ಲೇ ಹೇಳಿ ಬರೆಸಿದರು. ಮೊದಲು ಶ್ರೀಯುತ ಅಧ್ಯಕ್ಷರು, ಆಮೇಲೆ ಉಪಾಧ್ಯಕ್ಷರು, ಹಿರಿತನದ ಪ್ರಕಾರ ನಿರ್ದೇಶಕರೆಲ್ಲರೂ, ಪ್ರತಿಯೊಬ್ಬರ ಮುಂದೆ ಅವರವರ ಸಂಖ್ಯೆ. ಮೇಲೆ ಒಂದು ಸಾಲು: ತಾವು ಇವರಲ್ಲಿ ಯಾರನ್ನಾದರೂ ಸಂಪರ್ಕಿಸಬಹುದು. ಅಕ್ಕನ ಸಂಖ್ಯೆ ಪಟ್ಟಿಯ ಕೊನೆಗೆ ಹೋಯಿತು. ದಿನವನ್ನು ಅವರೇ ನಿರ್ಧರಿಸಬಲ್ಲರು ಎಂಬ ವಾಕ್ಯಕ್ಕೆ ಜಾಗ ಉಳಿಯಲಿಲ್ಲ.

ಶುಕ್ರವಾರ ಅಧಿಕಾರಿಯ ಎರಡನೆಯ ಮೇಲ್ ಬಂತು. ಶನಿವಾರಕ್ಕೆ ಗಾಡಿ ಇದೆ, ಸಂಜೆಯೊಳಗೆ ಖಚಿತಪಡಿಸಿ. ಪಠ್ಯ ಬದಲಾಗಿದ್ದರಿಂದ ಅವರಿಗೆ ಅಧ್ಯಕ್ಷರ ಪಟ್ಟಿ ಹೋಯಿತು. ಅವರು ಮೊದಲ ಸಂಖ್ಯೆಗೆ ಕರೆ ಮಾಡಿದರು.

ಅಧ್ಯಕ್ಷರು ತಾಳಗುಂದದ ಹತ್ತಿರ ಯಾರದೋ ಜೋಳದ ಹೊಲದಲ್ಲಿದ್ದರು. ಪಕ್ಕದಲ್ಲಿ ಜೋಳ ಬಿಡಿಸುವ ಯಂತ್ರ ಓಡುತ್ತಿತ್ತು.

"ಸರ, ನಾಳೆ ಗಾಡಿ ಕಳಸೂದೇನ್ರಿ?"

"ಆತು ಆತು, ನೋಡೋಣ ತಗೋರಿ."

"ಕಳಸ್ಲೋ ಬ್ಯಾಡೋ, ಅಷ್ಟ ಹೇಳ್ರಿ."

"ನೀವು ಹೆಂಗಂತೀರೋ ಹಂಗ. ಎಲ್ಲಾರನ್ನೂ ಒಂದ್ ಮಾತು ಕೇಳಿ ಹೇಳ್ತೀನಿ."

ಅಧ್ಯಕ್ಷರ ಲೆಕ್ಕದಲ್ಲಿ ಇದು ಸೌಜನ್ಯದ ಮಾತು. ಅಧಿಕಾರಿಗೆ ಹೌದು ಅಥವಾ ಇಲ್ಲ ಎಂದು ನಮೂದಿಸಬೇಕಿತ್ತು. ಅವರು ಎರಡನೆಯ ಸಂಖ್ಯೆಗೆ ಮಾಡಿದರು, ಯಾರೂ ಎತ್ತಲಿಲ್ಲ. ಮೂರನೆಯದು ಸ್ವಿಚ್ ಆಫ್ ಆಗಿತ್ತು. ನಾಲ್ಕನೆಯವರು ತೊಗರ್ಸಿಯವರು, ಕುರಿ ಹಟ್ಟಿಯಲ್ಲಿದ್ದರು. ಅಧ್ಯಕ್ಷರನ್ನು ಕೇಳಿ ಎಂದರು.

ಸೊರಬದಲ್ಲಿ ಅಕ್ಕ ಬೆಳಿಗ್ಗೆಯಿಂದ ಫೋನನ್ನು ಸೆರಗಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದರಂತೆ. ಕೊಯ್ಲಿಗೆ ಬರಬೇಕಾದ ಹೆಂಗಸರು ನಾಳೆ ಬರಬೇಕೋ ಬೇಡವೋ ಎಂದು ಎರಡು ಸಲ ಕೇಳಿ ಹೋಗಿದ್ದರು. ಗಾಡಿ ಖಚಿತವಾಗದೆ ಹಣ್ಣು ಕೊಯ್ಯುವಂತಿರಲಿಲ್ಲ. ಕೊಯ್ಯದೆ ಬಿಡುವಂತೆಯೂ ಇರಲಿಲ್ಲ, ಹಣ್ಣಿನ ಬುಡ ಹಳದಿಯಾಗಿತ್ತು.

ಸಂಜೆ ಅಧಿಕಾರಿ ಆ ಸರದಿಯನ್ನು ಬೇರೆಯವರಿಗೆ ಬರೆಯಲು ಹೊರಟು, ನಮ್ಮ ಮೇಲನ್ನು ಕೊನೆಯ ಬಾರಿ ತೆರೆದರು. ಗುರುವಾರದ ಉತ್ತರ ಅವರ ಪೆಟ್ಟಿಗೆಯಲ್ಲಿ ಅದರ ಹಿಂದೆಯೇ ಇತ್ತು. ಅದರಲ್ಲಿ ಸಂಖ್ಯೆ ಒಂದೇ ಇತ್ತು, ಆ ಸಂಖ್ಯೆಯವರು ನಿರ್ಧರಿಸಬಲ್ಲರು ಎಂದೂ ಇತ್ತು. ಕರೆ ಮಾಡಿದರು.

"ನಾಳೆ ಗಾಡಿ ಕಳಸೂದೇನ್ರಿ ಅಕ್ಕಾರ?"

"ಕಳಿಸಿ. ಮಧ್ಯಾಹ್ನದೊಳಗೆ ತುಂಬಿ ಕೊಡ್ತೀವಿ."

"ಅಧ್ಯಕ್ಷರನ್ನ ಕೇಳೂದು ಬ್ಯಾಡ್ರೀ?"

"ನಾನೇ ಹೇಳ್ಬಹುದು ಅಂತ ಬರ್ದಿಲ್ವಾ ಅದ್ರಲ್ಲಿ?"

"ಬರದಾರ್ರೀ."

"ಮತ್ತೆ ಕಳಿಸಿ."

ಸೋಮವಾರ ನಾನು ಕುತ್ತಿಗೆ ಮುಚ್ಚುವ ಕಾಲರಿನ ಕುರ್ತಾ ಹಾಕಿಕೊಂಡು, ದುಪಟ್ಟಾ ಸುತ್ತಿಕೊಂಡು ಕಚೇರಿಗೆ ಬಂದೆ. ಮೊದಲು ಆಟೋ ರಿಪ್ಲೈ ನಿಂತಿದೆಯೇ ಎಂದು ನೋಡಿದೆ. ನಿಂತಿತ್ತು. ಅಲ್ಲಿಯೇ ಅಧ್ಯಕ್ಷರ ಪಟ್ಟಿಯೂ ಕಂಡಿತು. ಶುಕ್ರವಾರ ಸಂಜೆ ಅಧಿಕಾರಿ ಬರೆದಿದ್ದರು: ಫೋನಿನಲ್ಲಿ ಖಚಿತವಾಗಿದೆ, ಗಾಡಿ ಕಳಿಸುತ್ತಿದ್ದೇವೆ.

ಮಧ್ಯಾಹ್ನ ಅಧ್ಯಕ್ಷರು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಅವರಿಗೆ ನಡೆದದ್ದೆಲ್ಲ ತಿಳಿದಿತ್ತು.

"ನಾ ಹೆಸರು ಹಾಕಿದ್ದು ತಪ್ಪೇನ್ರೀ? ಒಬ್ಬರದ ಹಾಕಿ ಒಬ್ಬರದ ಬಿಟ್ರ ನಾಳೆ ಮೀಟಿಂಗಿಗೆ ಯಾರೂ ಬರಂಗಿಲ್ಲ."

"ತಪ್ಪಲ್ಲ ಸರ್. ಹೆಸರುಗಳನ್ನು ನಮ್ಮ ಎಲ್ಲ ಮೇಲುಗಳ ಕೆಳಗೆ ಸಹಿಯ ಜಾಗದಲ್ಲಿ ಹಾಕೋಣ. ವರ್ಷವಿಡೀ ಇರುತ್ತವೆ. ರಜೆಯ ಉತ್ತರದಲ್ಲಿ ಆ ಕೆಲಸಕ್ಕೆ ಹೂಂ ಅನ್ನಬಲ್ಲವರು ಮಾತ್ರ ಇರಲಿ."

ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಹೆಸರಿನ ಹಿಂದ ಶ್ರೀಯುತ ಇರ್ತೈತಲ್ಲ?"

"ಇರುತ್ತೆ."

"ಹಂಗಾದ್ರ ಆತು" ಎಂದರು. ಈ ಸಲ ಅದರ ಅರ್ಥ ಒಪ್ಪಿಗೆ ಎಂದೇ ಇತ್ತು. ಅಂದೇ ಹಿರಿತನದ ಪ್ರಕಾರ ಹೆಸರುಗಳನ್ನು ಸಹಿಗೆ ಸೇರಿಸಿದೆ, ಸಂಖ್ಯೆಗಳನ್ನು ಬಿಟ್ಟೆ. ಅವರು ಸಂಖ್ಯೆ ಕೇಳಲಿಲ್ಲ.

ಅದೇ ವಾರ ಅಕ್ಕ ಲೆಕ್ಕ ಕೊಡಲು ಸೊರಬದಿಂದ ಬಸ್ಸಿನಲ್ಲಿ ಬಂದರು. ಚೀಲದಲ್ಲಿ ಒಂದು ಹಣ್ಣು ತಂದಿದ್ದರು, ಗಾಡಿಗೆ ತುಂಬದೆ ಉಳಿಸಿಕೊಂಡದ್ದು. ಕಚೇರಿಯ ಸಣ್ಣ ಚಾಕುವಿನಲ್ಲಿ ಸಿಪ್ಪೆ ಹೆರೆದು, ಕಣ್ಣು ತೆಗೆದು, ಹೋಳು ಮಾಡಿದರು. ಅಧ್ಯಕ್ಷರು ಉಪ್ಪು ಖಾರ ಉದುರಿಸಿಕೊಂಡು ತಿಂದರು. ನನ್ನ ಮುಂದೆಯೂ ಒಂದು ಹೋಳು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ತಂದ ರಸೀದಿಗಳನ್ನು ನೋಡುತ್ತಿದ್ದೆ.

ಅಧ್ಯಕ್ಷರು ಫೋನು ಬಂದು ಹೊರಗೆ ಹೋದರು. ಅಕ್ಕ ನನ್ನ ಕೈಯಿಂದ ಹೋಳನ್ನು ತೆಗೆದು ತಟ್ಟೆಗಿಟ್ಟರು.

"ಇದು ಗಂಟಲಿಗೆ ಉರಿ. ಗಾಯ ಮಾಯಲಿ, ಆಮೇಲೆ ತಿನ್ನು."

ನಾನು ದುಪಟ್ಟಾ ಮುಟ್ಟಿ ನೋಡಿಕೊಂಡೆ. ಅದು ಸರಿಯಾಗಿಯೇ ಇತ್ತು.

"ಯಾರು ಹೇಳಿದರು?"

"ಯಾರೂ ಇಲ್ಲ. ಆವತ್ತು ಫೋನಲ್ಲಿ ನಿನ್ನ ದನಿ ಬೇರೆ ಥರ ಇತ್ತು. ಈಗ ಕುತ್ತಿಗೆ ಮುಚ್ಚಿಕೊಂಡಿದ್ದೀಯೆ." ಅವರು ಚಾಕು ಒರೆಸಿದರು. "ಸೋಮವಾರ ಬರ್ತೀನಿ ಅಂತ ಬರ್ದಿದ್ದೆ, ಬಂದೆ. ನಂಗೆ ಅಷ್ಟು ಸಾಕು."

ಉಳಿದ ಹೋಳುಗಳನ್ನು ಡಬ್ಬಿಗೆ ಹಾಕಿ, ಅಮ್ಮನಿಗೆ ಕೊಡು ಎಂದು ನನ್ನ ಮೇಜಿನ ಮೇಲಿಟ್ಟರು. ಹೊತ್ತಾಗಿತ್ತು. ನಾನು ರಸೀದಿಗಳನ್ನು ಗಾಡಿಯ ತೂಕದೊಡನೆ ತಾಳೆ ನೋಡಿ ಸಹಿ ಮಾಡಿದೆ. ಅವರು ಸೊರಬದ ಬಸ್ಸಿಗೆ ಹೊರಟರು.