ಗೋಣು ನಂಬದವಳು

ನೀರು ಸರಬರಾಜು ಕಚೇರಿಯಲ್ಲಿ ಎಲ್ಲರೂ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಗುಮಾನಿ ಮೇಡಂ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ, ಒಳಗೊಳಗೇ ಖುಷಿಯೇ ಇತ್ತೆನ್ನಿ. ಎಂಜಿನಿಯರುಗಳು ಬರೆದುಕೊಟ್ಟ ಯೋಜನೆಗಳನ್ನು ಸಮಿತಿಯವರು ಓದುವ ಹಾಗೆ ತಿದ್ದಿ ಬರೆಯುವುದು ಅವಳ ಕೆಲಸ. ಆ ಕೆಲಸಕ್ಕೆ ಗುಮಾನಿ ಬೇಕೇ ಬೇಕು. ಗೋಣು ಆಡಿಸುವ ಮನುಷ್ಯನನ್ನು ಕಂಡರೆ ಅವಳ ಕಣ್ಣು ಕಿರಿದಾಗುತ್ತಿತ್ತು. "ಅರ್ಥ ಆಯ್ತಾ?" ಎಂದು ಅವಳು ಯಾರನ್ನೂ ಕೇಳಿದವಳಲ್ಲ. ಕೇಳಿದರೆ ಎಲ್ಲರೂ ಆಯ್ತು ಅಂತಲೇ ಹೇಳುತ್ತಾರಲ್ಲ! "ಹಾಗಾದ್ರೆ ನೀವೇ ಒಂದ್ಸಲ ಹೇಳಿ ನೋಡೋಣ" ಅನ್ನುತ್ತಿದ್ದಳು. ಆಗ ನೋಡಬೇಕಿತ್ತು, ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ ತಡವರಿಸುವುದನ್ನು.

ಈ ಕತೆ ಸೋರಿಕೆ ಘಟಕದ ಅರ್ಜಿಯದ್ದು. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಅಗೆಯದೆಯೇ ಪತ್ತೆ ಮಾಡುವ ಘಟಕ ಅದು. ಅದರ ಎಂಜಿನಿಯರನ್ನು ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದರು, ಪೈಪುಗಳಿಗೆ ಕಿವಿಗೊಡುವುದೇ ಅವನ ಉದ್ಯೋಗವಾದ್ದರಿಂದ. ಬಾಡಿಗೆಗೆ ತಂದ ಹಳೆಯ ಯಂತ್ರದಲ್ಲಿ ಅವನು ದಿನ ದೂಡುತ್ತಿದ್ದ. ಹೊಸದಕ್ಕೆ ಹಿಂದಿನ ವರ್ಷ ತಾನೇ ಅರ್ಜಿ ಬರೆದಿದ್ದ. ಬರೀ ಸಮೀಕರಣ, ಬರೀ ನಕ್ಷೆ. ಅದನ್ನು ಓದಬೇಕಾದ ಸಮಿತಿಯಲ್ಲಿ ಇದ್ದವರು ಯಾರು? ಒಬ್ಬ ವಕೀಲರು, ಒಬ್ಬ ಡಾಕ್ಟರು, ಲೆಕ್ಕಪತ್ರದ ಅಧಿಕಾರಿ, ವಾರ್ಡಿನಿಂದ ಗೆದ್ದು ಬಂದ ಹೊಲಿಗೆ ಅಂಗಡಿಯಾಕೆ, ಅಧ್ಯಕ್ಷರಾಗಿ ನಿವೃತ್ತ ಹೆಡ್‌ಮಾಸ್ತರು. ಹಾಳೆ ತಿರುವಿ ತಿರುವಿ ಸುಸ್ತಾದ ಹೆಡ್‌ಮಾಸ್ತರು "ಬಹಳ ಆಳವಾಗಿದೆ, ಪರಿಶೀಲಿಸೋಣ" ಎಂದು ಪಕ್ಕಕ್ಕಿಟ್ಟಿದ್ದರು. ಈ ಸಲವೂ ಪಕ್ಕಕ್ಕಿಟ್ಟರೆ ಘಟಕವೇ ಮುಚ್ಚುತ್ತದೆ, ಕಿವಿ ಮೀಟರ್ ವಿಭಾಗಕ್ಕೆ ಹೋಗಿ ಬಿಲ್ಲು ನೋಡಬೇಕು ಎಂದು ಮೇಲಿನಿಂದ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು.

"ಅಕ್ಕಾ, ನೀವೇ ದಿಕ್ಕು" ಎಂದು ಅವನು ಅವಳ ಮೇಜಿನ ಮುಂದೆ ಬಂದು ನಿಂತ.

ಅವಳು ಎರಡು ಅರ್ಜಿ ಬರೆದಳು. ಮೊದಲನೆಯದು ಇಲಾಖೆಯ ತಾಂತ್ರಿಕ ಉಪಸಮಿತಿಗೆ. ಅಲ್ಲಿರುವವರು ನೀರಿನ ಎಂಜಿನಿಯರುಗಳೇ. ಸೋರಿಕೆ ಯಾಕೆ ಕೆಟ್ಟದ್ದು ಎಂದು ಅವರಿಗೆ ಉಪದೇಶ ಮಾಡಿದರೆ ಮೂಗು ಮುರಿಯುತ್ತಾರೆ. ಅವರಿಗೆ ಬೇಕಾದ್ದು ವಿಧಾನ, ಅದರ ಊಹೆಗಳು, ತಪ್ಪಿನ ಪ್ರಮಾಣ. ಹಾಗಾಗಿ ನೇರವಾಗಿ ಬರೆದಳು: ಪೈಪಿನ ಎರಡು ಕಡೆ ಸದ್ದು ಹಿಡಿಯುವ ಸಂವೇದಕ ಇಡುವುದು, ಸೋರಿಕೆಯ ಸದ್ದು ಹತ್ತಿರದ ಸಂವೇದಕಕ್ಕೆ ಮೊದಲು, ದೂರದ್ದಕ್ಕೆ ಆಮೇಲೆ ಮುಟ್ಟುತ್ತದೆ, ಆ ಸಮಯದ ಅಂತರವನ್ನು ಪೈಪಿನಲ್ಲಿ ಸದ್ದು ಚಲಿಸುವ ವೇಗದಿಂದ ಗುಣಿಸಿ, ಸಂವೇದಕಗಳ ನಡುವಿನ ಉದ್ದದಿಂದ ಕಳೆದು, ಉಳಿದದ್ದರಲ್ಲಿ ಅರ್ಧ ಮಾಡಿದರೆ ಹತ್ತಿರದ ಸಂವೇದಕದಿಂದ ಸೋರಿಕೆಗೆ ಇರುವ ದೂರ. ಆ ವೇಗ ಪೈಪು ಯಾವುದರದ್ದು ಎಂಬುದನ್ನು ಅವಲಂಬಿಸಿದೆ ಎಂದು ಸೇರಿಸಿ, ಪ್ಲಾಸ್ಟಿಕ್ ಪೈಪಿನ ತೊಂದರೆಗಳ ಬಗ್ಗೆಯೇ ಒಂದಿಡೀ ಪುಟ ಬರೆದಳು. ಉಪಸಮಿತಿ ಅಲ್ಲೇ ಒಪ್ಪಿಗೆ ಕೊಟ್ಟಿತು.

ಎರಡನೆಯದು ದುಡ್ಡು ಮಂಜೂರು ಮಾಡುವ ಹೆಡ್‌ಮಾಸ್ತರ ಸಮಿತಿಗೆ. ಅದು ಎರಡೇ ಪುಟ. ಸಮೀಕರಣ ಹೋಯಿತು, ನಕ್ಷೆ ಹೋಯಿತು. ಏನು ಮಾಡುತ್ತೇವೆ, ಜನರಿಗೆ ಏನು ಸಿಗುತ್ತದೆ, ಮಾಡದಿದ್ದರೆ ಏನಾಗುತ್ತದೆ, ಇಷ್ಟೇ. ನೀರು ಬಿಡದ ಹೊತ್ತಿನಲ್ಲಿ ಸೋರುವ ತೂತಿನಿಂದಲೇ ಕೊಳಚೆ ಒಳಗೆ ನುಗ್ಗುತ್ತದೆ ಎಂಬ ಮಾತನ್ನು ಮಾತ್ರ ಎಲ್ಲರ ಎದೆಗೆ ತಾಕುವ ಹಾಗೆ ಬರೆದಳು. "ಯಂತ್ರವು ಪೈಪಿನ ಸದ್ದು ಕೇಳಿ ಸೋರುವ ಜಾಗ ತೋರಿಸುತ್ತದೆ" ಎಂಬ ಒಂದು ವಾಕ್ಯ ಬರೆದಾಗಲಂತೂ ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಮನೆಗೆ ಒಯ್ದು ಅತ್ತೆಗೆ ಓದಿ ಹೇಳಿದಳು. ಪ್ರತಿ ಅರ್ಜಿಗೂ ಅತ್ತೆಯದ್ದೇ ಪರೀಕ್ಷೆ. ಅಡುಗೆಮನೆಯ ನಲ್ಲಿಗೆ ಅತ್ತೆ ಬಟ್ಟೆಯ ತುಂಡು ಕಟ್ಟಿದ್ದರು, ನೀರು ಸೋಸಲು. ಬಟ್ಟೆ ಯಾವಾಗಲೂ ಕಂದು ಬಣ್ಣ. ಪೂರ್ತಿ ಕೇಳಿಸಿಕೊಂಡ ಅತ್ತೆ ಗೋಣು ಆಡಿಸಿದರು.

"ಸುಮ್ನೆ ತಲೆ ಆಡಿಸ್ಬೇಡಿ ಅತ್ತೆ. ಹೇಳಿ ನೋಡೋಣ."

"ಹೇಳೋಕೇನಮ್ಮ? ಯಂತ್ರ ತರ್ತಾರೆ, ಪೈಪಿಗೆ ಇಡ್ತಾರೆ, ತೂತು ಎಲ್ಲಿದೆ ಅಂತ ಅದು ಹೇಳುತ್ತೆ, ಅಷ್ಟೇ ಜಾಗ ಅಗೆದು ಮುಚ್ತಾರೆ. ನಮ್ಮ ಬೀದೀದೂ ಸರಿಹೋಗುತ್ತೆ. ಅಬ್ಬಾ, ಈ ಬಟ್ಟೆ ಕಟ್ಟೋ ಕರ್ಮ ತಪ್ಪುತ್ತೆ ಬಿಡು."

ಒಂದು ಸಲವೂ ತಡವರಿಸಲಿಲ್ಲ. ಗುಮಾನಿ ಮೇಡಂಗೆ ಇನ್ನೇನು ಬೇಕು? ಮರುದಿನ ಕಿವಿಗೆ ತೋರಿಸಿದಳು. ಅವನು ಓದಿ, ಕೊನೆಯಲ್ಲಿ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, ಗೋಣು ಆಡಿಸಿದ. ಅವನಿಗೆ ಮಾತ್ರ ಅವಳು "ಹೇಳಿ ನೋಡೋಣ" ಅನ್ನಲಿಲ್ಲ. ಅವನದ್ದೇ ವಿಷಯ, ಅವನಿಗೇನು ಪರೀಕ್ಷೆ!

ಸಭೆಯ ಹಿಂದಿನ ದಿನ ಸಮಿತಿಯ ಗುಮಾಸ್ತ ಕಾರಿಡಾರಿನಲ್ಲಿ ಸಿಕ್ಕಿ ಸುದ್ದಿ ಮುಟ್ಟಿಸಿದ. "ಮೇಡಂ, ನಾಳೆ ಒಬ್ಬರು ಜಾಸ್ತಿ ಕೂರ್ತಾರೆ. ಯಾರೋ ಪ್ರೊಫೆಸರ್ ಅಂತೆ. ಸದ್ದಿನ ವಿಜ್ಞಾನವೇ ಅವರದು ಅಂತೆ."

ಅವಳು ಅವನ ದಾರಿಗೆ ಅಡ್ಡ ನಿಂತಳು. "ಯಾರು ಸೇರಿಸಿದ್ದು?"

"ಅಧ್ಯಕ್ಷರಿಗೆ ಯಾರೋ ಚೀಟಿ ಕಳಿಸಿದ್ರಂತೆ."

ಯಾರೋ! ಅವಳಿಗೆ ಆ ಯಾರೋ ಯಾರೆಂದು ಕ್ಷಣದಲ್ಲಿ ಗೊತ್ತಾಗಿಹೋಯಿತು. ಪೈಪು ಬದಲಿಸುವ ವಿಭಾಗದ ಮುಖ್ಯಸ್ಥ, ಅಗೆಯೋ ಸಾಹೇಬ. ತೂತಿನ ಜಾಗ ಕರಾರುವಾಕ್ಕಾಗಿ ಗೊತ್ತಾದರೆ ಬೀದಿಗೆ ಬೀದಿಯನ್ನೇ ಅಗೆಯುವ ಅವನ ಕಾರುಬಾರು ಎಲ್ಲಿ ನಡೆದೀತು? ಎರಡು ವಾರದಿಂದ ಎದುರಾದಾಗಲೆಲ್ಲ ಹಲ್ಲು ಕಿರಿಯುತ್ತಿದ್ದ. ಆಗಲೇ ಅನುಮಾನ ಬಂದಿತ್ತು. ಗುಮಾಸ್ತನ ಮೇಲೂ ಬಂತು: ಇಷ್ಟು ತಡವಾಗಿ ಯಾಕೆ ಹೇಳಿದ? ಹೆಡ್‌ಮಾಸ್ತರ ಮೇಲೂ ಬಂತು. ಹೊಸದಾಗಿ ಬರೆಯೋಣವೆಂದರೆ ಪ್ರತಿಗಳು ಸದಸ್ಯರ ಮನೆ ಸೇರಿಯಾಗಿದ್ದವು. ಉಪಸಮಿತಿಯ ದಪ್ಪ ಅರ್ಜಿಯನ್ನು ಚೀಲಕ್ಕೆ ತುರುಕಿಕೊಂಡಳು.

ಸಭೆಯ ಕೋಣೆಯಲ್ಲಿ ಪ್ರೊಫೆಸರು ಮೇಜಿನ ಕೊನೆಗೆ ಕೂತಿದ್ದರು. ಬೆಳ್ಳಗಿನ ಗಡ್ಡ, ಕೈಯಲ್ಲಿ ಅವಳದೇ ಎರಡು ಪುಟ. ಅಗೆಯೋ ಸಾಹೇಬನೂ ಗೋಡೆ ಬದಿಯ ಕುರ್ಚಿಯಲ್ಲಿ ಹಾಜರ್. ಹೊಲಿಗೆ ಅಂಗಡಿಯಾಕೆ ಅರ್ಜಿ ಎತ್ತಿ ಹಿಡಿದು, "ಈ ಸಲ ಓದಿಸ್ಕೊಂಡು ಹೋಯ್ತಪ್ಪ. ನನಗೆ ಪೂರ್ತಿ ತಿಳೀತು" ಎಂದಳು. ವಕೀಲರು, ಡಾಕ್ಟರು ಗೋಣು ಆಡಿಸಿದರು. ಆದರೆ ಹಾಗೆ ಆಡಿಸುತ್ತಲೇ ಎಲ್ಲರೂ ಮೇಜಿನ ಕೊನೆಯ ಕಡೆಗೇ ನೋಡುತ್ತಿದ್ದರು. ಗುಮಾನಿ ಮೇಡಂ ಅದನ್ನು ಗಮನಿಸಿದಳು. ಒಬ್ಬ ತಜ್ಞ ಬಂದು ಕೂತರೆ ಉಳಿದ ಐವರು ಅರ್ಜಿ ಓದುವುದಿಲ್ಲ, ಆ ತಜ್ಞನ ಮುಖ ಓದುತ್ತಾರೆ.

ಪ್ರೊಫೆಸರು ಎರಡು ಪುಟವನ್ನೂ ಇನ್ನೊಮ್ಮೆ ತಿರುವಿದರು. "ಚೆನ್ನಾಗಿ ಬರೆದಿದ್ದೀರಿ. ಅದಕ್ಕೇ ನನಗೆ ಅನುಮಾನ. ಇದರಲ್ಲಿ ಪ್ಲಾಸ್ಟಿಕ್ ಪೈಪಿನ ಮಾತೇ ಇಲ್ಲವಲ್ಲ. ಬಿಟ್ಟುಹೋಯ್ತೋ, ಮುಚ್ಚಿಟ್ರೋ?"

ಮುಚ್ಚಿಟ್ಟರು ಎಂಬ ಮಾತು ಕೇಳಿದ್ದೇ ತಡ, ಲೆಕ್ಕಪತ್ರದ ಅಧಿಕಾರಿ ಪೆನ್ನು ಕೈಗೆತ್ತಿಕೊಂಡರು. ಕಿವಿ ದಡಬಡಿಸಿ ಎದ್ದ. "ಸರ್, ಪಾಲಿಥೀನ್‌ನಲ್ಲಿ ಅಧಿಕ ಆವರ್ತನದ ಕ್ಷೀಣನ ಜಾಸ್ತಿ, ಹಾಗಾಗಿ ಸಹಸಂಬಂಧದ ಶಿಖರ..." ಪ್ರೊಫೆಸರು ಆಸಕ್ತಿಯಿಂದ ಮುಂದೆ ಬಾಗಿದರು, ಉಳಿದವರ ಕಣ್ಣು ಮಂಜಾಗತೊಡಗಿತು. ಹಿಂದಿನ ವರ್ಷದ್ದೇ ಮಂಜು. ಅವಳು ಅವನ ಅಂಗಿ ಹಿಡಿದು ಕೂರಿಸಿದಳು.

ಚೀಲಕ್ಕೆ ಕೈ ಹಾಕಿದಳು. ದಪ್ಪ ಅರ್ಜಿಯನ್ನು ಮೇಜಿನ ಮೇಲಿಟ್ಟರೆ ಪ್ರೊಫೆಸರಿಗೆ ಸಮಾಧಾನವಾಗುತ್ತದೆ, ಪ್ಲಾಸ್ಟಿಕ್ಕಿನ ಬಗ್ಗೆ ಒಂದಿಡೀ ಪುಟ ಇದೆಯಲ್ಲ. ಆದರೆ ಇನ್ನೈವರು? ನಮಗೆ ಒಂದು ಕೊಟ್ಟು ಎಂಜಿನಿಯರುಗಳಿಗೆ ಇನ್ನೊಂದು ಬರೆದಿದ್ದಾಳೆ ಎಂದುಕೊಳ್ಳುತ್ತಾರೆ. ಅತ್ತೆಯ ಮಾತು ಆಗ ನೆನಪಾಯಿತು: ನಮ್ಮ ಬೀದೀದೂ ಸರಿಹೋಗುತ್ತೆ. ತಮ್ಮ ಬೀದಿಯದ್ದು ಪ್ಲಾಸ್ಟಿಕ್ ಪೈಪು. ಅತ್ತೆ ತಡವರಿಸದೆ ಹೇಳಿದ್ದು ಸುಳ್ಳು, ಆ ಸುಳ್ಳನ್ನು ಹೇಳಿಕೊಟ್ಟವಳು ತಾನು.

ಕೈಯನ್ನು ಖಾಲಿಯಾಗಿಯೇ ಹೊರಗೆ ತೆಗೆದಳು.

"ಬಿಟ್ಟದ್ದು ನಾನು, ಸರ್. ಕಷ್ಟದ್ದನ್ನ ತೆಗೀತೀನಿ ಅಂತ ಹೋಗಿ ಷರತ್ತನ್ನೇ ತೆಗೆದುಬಿಟ್ಟೆ. ಈಗ ಹೇಳ್ತೀನಿ." ಅವಳು ಪ್ರೊಫೆಸರ ಕಡೆ ನೋಡದೆ ಹೊಲಿಗೆ ಅಂಗಡಿಯಾಕೆಯ ಕಡೆ ತಿರುಗಿದಳು. "ಕಬ್ಬಿಣದ ಪೈಪಲ್ಲಿ ಸದ್ದು ದೂರ ಹೋಗುತ್ತೆ. ಪ್ಲಾಸ್ಟಿಕ್ ಪೈಪು ಸದ್ದನ್ನ ನುಂಗಿಬಿಡುತ್ತೆ, ಹತ್ತಿ ತುಂಬಿದ ದಿಂಬಿನ ಹಾಗೆ. ಅಲ್ಲಿ ಯಂತ್ರಗಳನ್ನ ಹತ್ತಿರ ಹತ್ತಿರ ಇಡ್ಬೇಕು, ಪೈಪಿನ ಮೇಲಲ್ಲ, ಒಳಗಿನ ನೀರಿಗೇ ಮುಟ್ಟಿಸ್ಬೇಕು. ಆದ್ರೂ ಕೆಲವು ಕಡೆ ಸಿಗಲ್ಲ. ಪೈಪು ಯಾವುದು ಅಂತ ತಪ್ಪು ತಿಳ್ಕೊಂಡ್ರೆ, ತೂತು ಒಂದು ಕಡೆ, ಅಗೆಯೋದು ಇನ್ನೊಂದು ಕಡೆ. ಊರಿನ ಪೈಪುಗಳಲ್ಲಿ ಮೂರರಲ್ಲಿ ಒಂದು ಪಾಲು ಪ್ಲಾಸ್ಟಿಕ್ಕೇ."

ಯಾರೂ ಗೋಣು ಆಡಿಸಲಿಲ್ಲ. ಪ್ರೊಫೆಸರು ಕೂಡ. "ಇದು ಸರಿ" ಎಂದಷ್ಟೇ ಅಂದರು.

ಹೊಲಿಗೆ ಅಂಗಡಿಯಾಕೆ ಸ್ವಲ್ಪ ಯೋಚಿಸಿ, "ಹಾಗಾದ್ರೆ ಕಬ್ಬಿಣ ಇರೋ ಕಡೆ ಈಗಲೇ ಶುರು ಮಾಡ್ಲಿ. ಪ್ಲಾಸ್ಟಿಕ್ ಕಡೆ ಮೊದಲು ಪರೀಕ್ಷೆ ಮಾಡಿ ತೋರಿಸ್ಲಿ. ನನ್ನ ವಾರ್ಡು ಪ್ಲಾಸ್ಟಿಕ್ಕೇ, ಆದ್ರೂ ಹೇಳ್ತಿದೀನಿ" ಎಂದಳು. ಹೆಡ್‌ಮಾಸ್ತರು ಹಾಗೆಯೇ ಬರೆಸಿದರು. ಘಟಕ ಉಳಿಯಿತು.

ಹೊರಗೆ ಬಂದು ಅವಳು ಹಲ್ಲು ಕಡಿದಳು. "ನೋಡಿದ್ಯಾ ಆ ಅಗೆಯೋ ಸಾಹೇಬನ ಮಸಲತ್ತು? ಪ್ರೊಫೆಸರನ್ನ ತಂದು ಕೂರಿಸ್ತಾನೆ!"

ಕಿವಿ ನೆಲ ನೋಡಿದ. "ಅವರಲ್ಲ ಅಕ್ಕ. ಚೀಟಿ ಕಳಿಸಿದ್ದು ನಾನು."

"ನೀನಾ?"

"ನಿಮ್ಮ ಎರಡು ಪುಟ ಓದಿದಾಗ್ಲೇ ಪ್ಲಾಸ್ಟಿಕ್ ಇಲ್ಲ ಅನ್ನಿಸ್ತು. ಕೇಳೋಕೆ ಧೈರ್ಯ ಬರ್ಲಿಲ್ಲ, ಗೋಣು ಆಡಿಸ್ಬಿಟ್ಟೆ. ಆಮೇಲೆ ಭಯ ಆಯ್ತು. ವಿಷಯ ಗೊತ್ತಿರೋರು ಒಬ್ಬರಾದ್ರೂ ಇರ್ಲಿ ಅಂತ..."

ಊರವರನ್ನೆಲ್ಲ ಅನುಮಾನಿಸಿ ಕೊನೆಗೆ ನಂಬಿದ್ದು ಇವನೊಬ್ಬನ ಗೋಣನ್ನು! ಬೈಯಬೇಕೆಂದು ಬಾಯಿ ತೆರೆದಳು. "ಮುಂದಿನ ಸಲ ಬಾಯಿ ಬಿಟ್ಟು ಹೇಳು ಮಾರಾಯ" ಎಂದು ಹೊರಟಳು.

ಮನೆಯಲ್ಲಿ ಅತ್ತೆ ನಲ್ಲಿಯ ಮುಂದೆ ನಿಂತಿದ್ದರು. "ಏನಾಯ್ತಮ್ಮ? ಒಪ್ಪಿದ್ರಾ?"

"ಒಪ್ಪಿದ್ರು ಅತ್ತೆ. ಆದ್ರೆ ನಮ್ಮ ಬೀದಿ ಈಗ ಇಲ್ಲ. ನಮ್ಮದು ಪ್ಲಾಸ್ಟಿಕ್ ಪೈಪು. ಅದರಲ್ಲಿ ಸದ್ದು ಸರಿಯಾಗಿ ಕೇಳ್ಸಲ್ಲ."

ಅತ್ತೆ ನಲ್ಲಿಯ ಕಂದು ಬಟ್ಟೆಯನ್ನು ಬಿಚ್ಚಿ ಹಿಂಡಿದರು. "ನೀನು ಓದಿದಾಗ ಹಾಗಿರ್ಲಿಲ್ಲವಲ್ಲ" ಎಂದರು ಆಮೇಲೆ. ಬೈದಿದ್ದರೆ ಚೆನ್ನಾಗಿತ್ತು.

"ಇನ್ನೊಂದು ಬರೆದೆ ಅಂದಿದ್ಯಲ್ಲ, ದಪ್ಪದ್ದು. ಅದನ್ನ ಓದು" ಎಂದು ಅತ್ತೆ ಸ್ಟೂಲು ಎಳೆದುಕೊಂಡು ಕೂತರು.

ಅವಳು ಚೀಲದಿಂದ ತೆಗೆದು ಪ್ಲಾಸ್ಟಿಕ್ಕಿನ ಪುಟದಿಂದ ಶುರು ಮಾಡಿದಳು. ಮೊದಲ ವಾಕ್ಯ ಮುಗಿಯುತ್ತಲೇ ಅತ್ತೆ ಕೈ ಎತ್ತಿ ತಡೆದರು.

"ಅರ್ಥ ಆಗ್ಲಿಲ್ಲ."

ಇಷ್ಟು ವರ್ಷಗಳಲ್ಲಿ ಆ ಅಡುಗೆಮನೆಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಗುಮಾನಿ ಮೇಡಂ ಅದನ್ನು ಎಳ್ಳಷ್ಟೂ ಅನುಮಾನಿಸಲಿಲ್ಲ. ಪೆನ್ನು ತಗೊಂಡು, ಅತ್ತೆಯ ಪಕ್ಕದಲ್ಲಿ ನೆಲಕ್ಕೆ ಕೂತು, ಆ ವಾಕ್ಯವನ್ನು ಹೊಸದಾಗಿ ಬರೆಯತೊಡಗಿದಳು.